ಗಾಜು ಬದಲಾದ ಮೇಲೆ ಮಿನುಗತೊಡಗಿದ ಎಡಗೆರೆ: ಬೂದು, ಹಸಿರು, ಅಂಬರ್ ಓದಿನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವ ಚಾಲಕರ ಹೆಸರು, ಊರು, ಕಾರಿನ ಮಾದರಿ, ವರ್ಕ್‌ಶಾಪ್ ಯಾವುದನ್ನೂ ಇಲ್ಲಿ ಹೇಳಿಲ್ಲ. ಹೇಳಬೇಕಾದ್ದು ಒಂದೇ. ಒಂದು ದೀಪ ನಿಜಕ್ಕೂ ತಪ್ಪು ತೋರಿಸುತ್ತಿತ್ತು, ಅದರಿಂದಾಗಿ ಸರಿಯಾಗಿದ್ದ ಇನ್ನೆರಡು ದೀಪಗಳ ಮೇಲೂ ಚಾಲಕರಿಗೆ ನಂಬಿಕೆ ಹೋಯಿತು. ಮೂರೂ ಅಂಬರ್ ಬಣ್ಣದಲ್ಲೇ ಹತ್ತುತ್ತಿದ್ದುದೇ ಇದಕ್ಕೆ ಕಾರಣ.

ಹಿನ್ನೆಲೆ

ಕಾರಿಗೆ ಮೂರು ವರ್ಷ. ಚಾಲಕರು ವಾರಕ್ಕೆ ಐದು ದಿನ ಹೆದ್ದಾರಿಯಲ್ಲಿ ಹೋಗಿಬರುವವರು, ಅನುಭವ ಚೆನ್ನಾಗಿಯೇ ಇದೆ. ಕಾರಿನಲ್ಲಿ ಮೂರು ಎಚ್ಚರಿಕೆ ವ್ಯವಸ್ಥೆಗಳಿದ್ದವು. ಲೇನ್ ಬಿಟ್ಟು ಹೊರಗೆ ಹೋಗುವಾಗ ಎಚ್ಚರಿಸುವುದು ಒಂದು. ಮುಂದಿನ ವಾಹನಕ್ಕೆ ಗುದ್ದುವ ಸಂಭವ ಕಂಡಾಗ ಎಚ್ಚರಿಸುವುದು ಇನ್ನೊಂದು. ಕನ್ನಡಿಗೆ ಕಾಣದ ಪಕ್ಕದ ಜಾಗದಲ್ಲಿ, ಅಂದರೆ ಬ್ಲೈಂಡ್ ಸ್ಪಾಟ್‌ನಲ್ಲಿ, ವಾಹನ ಇದ್ದರೆ ಹೇಳುವುದು ಮೂರನೆಯದು.

ಮೂರೂ ಬೇರೆ ಬೇರೆ ಕಣ್ಣುಗಳಿಂದ ನೋಡುತ್ತವೆ ಎಂಬುದು ಈ ಪ್ರಕರಣದ ಬೀಗದ ಕೈ. ಲೇನ್ ಗೆರೆ ನೋಡುವುದು ಮುಂಗಾಜಿನ ಒಳಗೆ, ಒಳಗನ್ನಡಿಯ ಹಿಂದೆ ಕೂತಿರುವ ಕ್ಯಾಮೆರಾ. ಮುಂದಿನ ವಾಹನದ ದೂರವನ್ನು ಈ ಕಾರಿನಲ್ಲಿ ಮುಖ್ಯವಾಗಿ ಅಳೆಯುವುದು ಮುಂಭಾಗದ ಗ್ರಿಲ್ ಹಿಂದಿನ ರೇಡಾರ್. ಕ್ಯಾಮೆರಾ ಅದಕ್ಕೆ ಜೊತೆಗೂಡುತ್ತದೆ. ಬ್ಲೈಂಡ್ ಸ್ಪಾಟ್ ನೋಡುವುದು ಹಿಂದಿನ ಬಂಪರ್‌ನ ಎರಡು ಮೂಲೆಗಳಲ್ಲಿ, ಪ್ಲಾಸ್ಟಿಕ್ ಒಳಗೆ ಅಡಗಿರುವ ಎರಡು ಚಿಕ್ಕ ರೇಡಾರ್‌ಗಳು. ಅವಕ್ಕೂ ಮುಂಗಾಜಿಗೂ ಯಾವ ಸಂಬಂಧವೂ ಇಲ್ಲ.

ಈ ಕಾರಿನ ಮೀಟರ್ ಪರದೆಯಲ್ಲಿ ಬಣ್ಣಗಳ ಲೆಕ್ಕ ಹೀಗಿತ್ತು. ಲೇನ್ ಚಿತ್ರದಲ್ಲಿ ಎರಡು ಗೆರೆ, ಎಡಕ್ಕೊಂದು ಬಲಕ್ಕೊಂದು. ವ್ಯವಸ್ಥೆಯನ್ನು ಆಫ್ ಮಾಡಿದರೆ ಗೆರೆಗಳೇ ಇರುವುದಿಲ್ಲ. ಆನ್ ಇದ್ದು ಕ್ಯಾಮೆರಾಕ್ಕೆ ಗೆರೆ ಸಿಗದಿದ್ದರೆ, ಅಥವಾ ವೇಗ ಸುಮಾರು 60 ಕಿ.ಮೀ.ಗಿಂತ ಕಡಿಮೆ ಇದ್ದರೆ, ಬೂದು. ಗೆರೆ ಸಿಕ್ಕಿ ಕೆಲಸಕ್ಕೆ ತಯಾರಾದರೆ ಹಸಿರು. ಸಿಗ್ನಲ್ ಹಾಕದೆ ಗೆರೆಯತ್ತ ಸರಿದರೆ ಆ ಬದಿಯ ಗೆರೆ ಅಂಬರ್ ಆಗಿ ಮಿನುಗುತ್ತದೆ. ಎಡ ಬಲ ಎರಡಕ್ಕೂ ಪ್ರತ್ಯೇಕ ಲೆಕ್ಕ. ಎಡಗೆರೆ ಬೂದು, ಬಲಗೆರೆ ಹಸಿರು ಎಂದಿದ್ದರೆ ಬಲಕ್ಕೆ ಜಾರಿದಾಗ ಮಾತ್ರ ಎಚ್ಚರಿಕೆ ಬರುತ್ತದೆ, ಎಡಕ್ಕೆ ಜಾರಿದರೆ ಏನೂ ಬರುವುದಿಲ್ಲ.

ಮುಂದಿನ ವಾಹನಕ್ಕೆ ಪುಟ್ಟ ಕಾರಿನ ಚಿತ್ರ. ಮುಂದೆ ವಾಹನ ಪತ್ತೆಯಾದರೆ ಹಸಿರು, ತೀರಾ ಹತ್ತಿರ ಹಿಂಬಾಲಿಸಿದರೆ ಅಂಬರ್, ಇನ್ನೇನು ಗುದ್ದುತ್ತದೆ ಎಂದಾಗ ಕೆಂಪು ಮತ್ತು ಸದ್ದು. ಬ್ಲೈಂಡ್ ಸ್ಪಾಟ್‌ಗೆ ಹೊರಗನ್ನಡಿಯ ಗಾಜಿನಲ್ಲೇ ಅಂಬರ್ ಗುರುತು. ಪಕ್ಕದಲ್ಲಿ ವಾಹನ ಇದ್ದರೆ ಸ್ಥಿರವಾಗಿ ಹತ್ತುತ್ತದೆ, ಆ ಬದಿಗೇ ಸಿಗ್ನಲ್ ಹಾಕಿದರೆ ಮಿನುಗುತ್ತದೆ. ಇವಲ್ಲದೆ ವ್ಯವಸ್ಥೆಯೇ ಕೆಟ್ಟರೆ ಮೀಟರ್‌ನಲ್ಲಿ ಸ್ಥಿರವಾದ ಅಂಬರ್ ದೀಪ, ಜೊತೆಗೆ ಅಕ್ಷರದಲ್ಲಿ ಒಂದು ಸಂದೇಶ.

ಎಲ್ಲ ಕಂಪನಿಗಳೂ ಇದೇ ಪದ್ಧತಿ ಇಟ್ಟುಕೊಂಡಿಲ್ಲ. ಕೆಲವು ಕಾರುಗಳಲ್ಲಿ ಬೂದಿನ ಜಾಗದಲ್ಲಿ ಬಿಳಿ ಬರುತ್ತದೆ. ಕೆಲವದರಲ್ಲಿ ಆಫ್ ಮಾಡಿದರೇ ಅಂಬರ್ ಬಣ್ಣದಲ್ಲಿ OFF ಎಂದು ಹತ್ತುತ್ತದೆ. ವಾಹನ ದೀಪಗಳ ಚಿಹ್ನೆಗಳಿಗಿರುವ ಅಂತರರಾಷ್ಟ್ರೀಯ ಮಾನಕ ISO 2575 ಕೆಂಪಿಗೆ ಅಪಾಯ, ಅಂಬರ್‌ಗೆ ಜಾಗ್ರತೆ, ಹಸಿರಿಗೆ ಸಹಜ ಕೆಲಸ ಎಂಬ ಅರ್ಥ ಕೊಡುತ್ತದೆ. ಬೂದು ಹಿಂದಿನಿಂದ ಬಂದ ದೀಪದ ಬಣ್ಣವಲ್ಲ. ಬಲ್ಬ್ ಒಂದೋ ಉರಿಯುತ್ತದೆ, ಇಲ್ಲವೇ ಆರಿರುತ್ತದೆ. ಮೀಟರ್ ಜಾಗಕ್ಕೆ ಬಣ್ಣದ ಪರದೆ ಬಂದ ಮೇಲೆಯೇ ‘ಆನ್ ಆಗಿದ್ದೇನೆ, ಆದರೆ ಸದ್ಯಕ್ಕೆ ನೋಡುತ್ತಿಲ್ಲ’ ಎಂಬ ನಡುವಿನ ಸ್ಥಿತಿಯನ್ನು ತೋರಿಸುವುದು ಸುಲಭವಾಯಿತು. ಬೂದನ್ನು ಜನ ತಪ್ಪು ಓದುವುದು ಇದಕ್ಕೇ ಇರಬೇಕು, ಅದು ಆಫ್‌ನಂತೆಯೂ ಕಾಣುತ್ತದೆ, ಆನ್‌ನಂತೆಯೂ ಕಾಣುತ್ತದೆ.

ತೊಂದರೆ ಶುರುವಾದದ್ದು

ಕಲ್ಲು ಸಿಡಿದು ಮುಂಗಾಜು ಬಿರುಕು ಬಿಟ್ಟಿತು. ಹೊಸ ಗಾಜು ಹಾಕಿದರು. ಹಳೆಯ ಗಾಜಿನಿಂದ ಬಿಚ್ಚಿದ ಕ್ಯಾಮೆರಾವನ್ನೇ ಹೊಸ ಗಾಜಿನ ಬ್ರಾಕೆಟ್‌ಗೆ ಕೂರಿಸಿ, ಮುಚ್ಚಳ ಹಾಕಿ ಕಾರು ಕೊಟ್ಟರು. ಮೀಟರ್‌ನಲ್ಲಿ ಯಾವ ದೋಷದ ದೀಪವೂ ಇರಲಿಲ್ಲ, ಹಾಗಾಗಿ ಎಲ್ಲ ಸರಿಯಾಗಿದೆ ಎಂದು ಎರಡೂ ಕಡೆಯವರು ಅಂದುಕೊಂಡರು.

ಮೊದಲ ತಪ್ಪು ನಿರ್ಧಾರ ಇದೇ. ದೋಷದ ದೀಪ ಹತ್ತಲಿಲ್ಲ ಎಂದರೆ ಕ್ಯಾಮೆರಾ ಸರಿಯಾದ ದಿಕ್ಕಿಗೆ ನೋಡುತ್ತಿದೆ ಎಂದು ಅರ್ಥವಲ್ಲ. ಕ್ಯಾಮೆರಾ ಅದೇ ಹಳೆಯದು, ಅದರೊಳಗೆ ಹಳೆಯ ಗಾಜಿನ ಕಾಲದ ಅಳತೆಗಳು ಹಾಗೇ ಉಳಿದಿವೆ. ವಿದ್ಯುತ್ ಬರುತ್ತಿದೆ, ಚಿತ್ರ ಸ್ಪಷ್ಟವಾಗಿದೆ, ಬೇರೆ ಘಟಕಗಳ ಜೊತೆ ಮಾತುಕತೆ ನಡೆಯುತ್ತಿದೆ. ಅದರ ಮಟ್ಟಿಗೆ ದೂರುವುದಕ್ಕೆ ಏನೂ ಇಲ್ಲ. ತಾನು ಕೂತ ಜಾಗ ಸ್ವಲ್ಪ ಓರೆಯಾಗಿದೆ ಎಂಬುದು ತುಂಬ ಹೆಚ್ಚಾದಾಗ ಮಾತ್ರ ಅದಕ್ಕೇ ಗೊತ್ತಾಗುತ್ತದೆ.

ಎರಡು ದಿನದಲ್ಲಿ ಚಾಲಕರಿಗೆ ಬದಲಾವಣೆ ಕಂಡಿತು. ಲೇನ್‌ನ ನಡುವೆಯೇ ಹೋಗುತ್ತಿದ್ದರೂ ಎಡಗೆರೆ ಅಂಬರ್ ಆಗಿ ಮಿನುಗುತ್ತಿತ್ತು, ಸ್ಟಿಯರಿಂಗ್ ನಡುಗುತ್ತಿತ್ತು. ಒಂದು ಗಂಟೆಯ ಪ್ರಯಾಣದಲ್ಲಿ ಇಪ್ಪತ್ತು ಸಲವಾದರೂ ಹೀಗಾಗುತ್ತಿತ್ತು.

ಏನೇನು ಮಾಡಿ ನೋಡಿದರು

ಮೊದಲು ಮೆನುವಿನಲ್ಲಿ ಎಚ್ಚರಿಕೆಯ ಸೂಕ್ಷ್ಮತೆಯನ್ನು ‘ಸಹಜ’ದಿಂದ ‘ತಡ’ಕ್ಕೆ ಇಳಿಸಿದರು. ಎಡಗೆರೆಯ ಕಾಟ ಕಡಿಮೆಯಾಯಿತು. ಆದರೆ ಅವರ ಗಮನಕ್ಕೆ ಬಾರದ ಇನ್ನೊಂದು ಸಂಗತಿ ನಡೆಯಿತು. ಬಲಬದಿಯ ಎಚ್ಚರಿಕೆ ಹೆಚ್ಚುಕಡಿಮೆ ಸತ್ತೇ ಹೋಯಿತು. ಕ್ಯಾಮೆರಾ ಎಡಕ್ಕೆ ಓರೆಯಾಗಿದ್ದರೆ ಕಾರಿನ ಮೂತಿ ಎಡಕ್ಕೆ ಹೋಗುತ್ತಿದೆ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ. ಎಡಕ್ಕೆ ಬೇಗ ಎಚ್ಚರಿಸುತ್ತದೆ, ಅಷ್ಟೇ ಪ್ರಮಾಣದಲ್ಲಿ ಬಲಕ್ಕೆ ತಡವಾಗಿ ಎಚ್ಚರಿಸುತ್ತದೆ. ಸೂಕ್ಷ್ಮತೆ ಇಳಿಸಿದರೆ ಎರಡೂ ಬದಿ ಇನ್ನಷ್ಟು ತಡವಾಗುತ್ತವೆ. ಎಡ ಸಹಜದ ಹತ್ತಿರ ಬಂದಂತೆ ಕಾಣುತ್ತದೆ, ಬಲದಲ್ಲಿ ಚಕ್ರ ಗೆರೆ ದಾಟಿದ ಮೇಲೆ ದೀಪ ಮಿನುಗುತ್ತದೆ. ವಕ್ರತೆಯನ್ನು ಸೂಕ್ಷ್ಮತೆಯ ಬಟನ್‌ನಿಂದ ಸರಿಮಾಡಲಾಗದು ಎಂಬುದು ಇಲ್ಲಿ ಬಹಳ ಮುಖ್ಯ, ಏಕೆಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಆ ಬಟನ್‌ಗೇ.

ಆಮೇಲೆ ವರ್ಕ್‌ಶಾಪ್‌ಗೆ ಹೋದರು. ಅಲ್ಲಿ ಸ್ಕ್ಯಾನರ್ ಹಾಕಿ ದೋಷದ ಕೋಡ್ ಹುಡುಕಿದರು, ಏನೂ ಸಿಗಲಿಲ್ಲ. ಕ್ಯಾಮೆರಾದ ಮುಂದಿನ ಗಾಜನ್ನು ಹೊರಗಿನಿಂದ ಒರೆಸಿದರು. ‘ಸರಿ ಇದೆ, ಹೊಸ ಗಾಜಿಗೆ ಸ್ವಲ್ಪ ದಿನ ಹೊಂದಿಕೊಳ್ಳಬೇಕು’ ಎಂದು ಕಳಿಸಿದರು. ಈ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಹಲವು ಕ್ಯಾಮೆರಾಗಳು ಓಡಾಡುವಾಗಲೇ ಸಣ್ಣ ಓರೆಯನ್ನು ತಾವೇ ಕಲಿತು ತಿದ್ದಿಕೊಳ್ಳುತ್ತವೆ. ಆದರೆ ಆ ತಿದ್ದುವಿಕೆಗೆ ಮಿತಿಯಿದೆ, ಮತ್ತು ಗಾಜು ಬದಲಾದ ಮೇಲೆ ಮಾಡಲೇಬೇಕಾದ ಕ್ಯಾಲಿಬ್ರೇಷನ್‌ಗೆ, ಅಂದರೆ ಕ್ಯಾಮೆರಾದ ದಿಕ್ಕನ್ನು ಹೊಸದಾಗಿ ಅಳೆದು ದಾಖಲಿಸುವುದಕ್ಕೆ, ಅದು ಬದಲಿಯಲ್ಲ.

ಮೂರನೆಯದಾಗಿ, ಲೇನ್ ಎಚ್ಚರಿಕೆಯನ್ನು ಪೂರ್ತಿ ಆಫ್ ಮಾಡಿದರು. ಇದರಿಂದ ದೊಡ್ಡ ಅಪಾಯವೇನೂ ಇರಲಿಲ್ಲ. ಕೆಟ್ಟ ಎಚ್ಚರಿಕೆಗಿಂತ ಎಚ್ಚರಿಕೆ ಇಲ್ಲದಿರುವುದೇ ವಾಸಿ ಎನ್ನುವುದರಲ್ಲಿ ತರ್ಕವಿದೆ. ಅಪಾಯ ಬಂದದ್ದು ಬೇರೆ ದಾರಿಯಿಂದ. ಅಷ್ಟರಲ್ಲಿ ಚಾಲಕರ ಮನಸ್ಸಿನಲ್ಲಿ ‘ಅಂಬರ್ ಎಂದರೆ ಆ ಗಾಜಿನವರು ಮಾಡಿಟ್ಟ ಎಡವಟ್ಟು’ ಎಂಬುದು ಕೂತುಬಿಟ್ಟಿತ್ತು. ಮುಂದಿನ ಕಾರಿನ ಚಿತ್ರ ಆಗಾಗ ಅಂಬರ್ ಆಗುತ್ತಿತ್ತು, ಅದೂ ಗಾಜಿನ ದೋಷವೇ ಎಂದುಕೊಂಡರು. ಕನ್ನಡಿಯ ಅಂಬರ್ ಕೂಡ ಅದೇ ಲೆಕ್ಕಕ್ಕೆ ಸೇರಿತು.

ಒಂದು ಸಂಜೆ ಲೇನ್ ಬದಲಿಸಲು ಸಿಗ್ನಲ್ ಹಾಕಿದರು. ಕನ್ನಡಿಯ ಗುರುತು ಮಿನುಗುತ್ತಿತ್ತು. ಅದನ್ನು ಲೆಕ್ಕಿಸದೆ ಸ್ಟಿಯರಿಂಗ್ ತಿರುಗಿಸಿದರು. ಪಕ್ಕದಲ್ಲಿ, ಹಿಂಬಾಗಿಲಿನ ಸಮಕ್ಕೆ ಬೈಕ್ ಇತ್ತು. ಬೈಕ್‌ನವರು ಹಾರ್ನ್ ಹೊಡೆದು ಬ್ರೇಕ್ ಹಾಕಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ತಿರುವು: ಒಂದು ನೋಟ್‌ಬುಕ್

ಅಂದು ಕಾರಿನಲ್ಲಿ ಚಾಲಕರ ತಂಗಿಯೂ ಇದ್ದರು. ‘ಅಣ್ಣಾ, ಕನ್ನಡಿಯಲ್ಲಿ ದೀಪ ಮಿನುಗ್ತಾ ಇತ್ತಲ್ಲ, ನೋಡಲಿಲ್ವಾ?’ ಎಂದು ಕೇಳಿದಾಗ ಬಂದ ಉತ್ತರ, ‘ಅದು ಕೆಟ್ಟಿದೆ ಕಣೇ, ಯಾವಾಗಲೂ ಹತ್ತುತ್ತೆ.’ ಆ ‘ಯಾವಾಗಲೂ’ ಎಂಬ ಮಾತು ನಿಜವೇ ಎಂದು ನೋಡಲು ತಂಗಿ ಮುಂದಿನ ಮೂರು ಪ್ರಯಾಣಗಳಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬರೆದಿಟ್ಟುಕೊಂಡರು. ಲೇನ್ ಎಚ್ಚರಿಕೆಯನ್ನು ಮತ್ತೆ ಆನ್ ಮಾಡಿಸಿ, ಸೂಕ್ಷ್ಮತೆಯನ್ನು ‘ಸಹಜ’ಕ್ಕೆ ತಂದು ಶುರುಮಾಡಿದರು.

ಪ್ರತಿ ಸಲ ದೀಪ ಹತ್ತಿದಾಗ ಐದು ವಿಷಯ ಬರೆದರು: ಯಾವ ದೀಪ, ಯಾವ ಬದಿ, ಸ್ಥಿರವೋ ಮಿನುಗೋ, ವೇಗವೆಷ್ಟು, ಆ ಕ್ಷಣ ಹೊರಗೆ ಏನಿತ್ತು. ನೋಟ್‌ಬುಕ್‌ನ ಕೆಲವು ಸಾಲುಗಳು:

- ವೇಗ 72. ಲೇನ್, ಎಡಗೆರೆ, ಅಂಬರ್ ಮಿನುಗು. ಚಕ್ರ ಗೆರೆಯಿಂದ ಒಂದು ಮೊಳದಷ್ಟು ದೂರ.
- ವೇಗ 70. ಲೇನ್, ಬಲಗೆರೆ, ಅಂಬರ್ ಮಿನುಗು. ಚಕ್ರ ಗೆರೆಯ ಮೇಲೇ ಇತ್ತು.
- ವೇಗ 48. ಎರಡೂ ಗೆರೆ ಬೂದು. ರಸ್ತೆಯಲ್ಲಿ ಗೆರೆ ಚೆನ್ನಾಗಿದೆ.
- ವೇಗ 80. ಮುಂದಿನ ಕಾರು, ಅಂಬರ್, ಸ್ಥಿರ. ವಿಡಿಯೊ ತೆಗೆದಿದೆ.
- ವೇಗ 65. ಕನ್ನಡಿ, ಬಲ, ಅಂಬರ್ ಸ್ಥಿರ. ಬಲಪಕ್ಕದಲ್ಲಿ ವ್ಯಾನ್.

ಬಲಗೆರೆಯ ಸಾಲನ್ನು ಪಡೆಯಲು ಖಾಲಿ ಇದ್ದ ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡು, ಸಿಗ್ನಲ್ ಹಾಕದೆ ನಿಧಾನವಾಗಿ ಸರಿಯಬೇಕಾಯಿತು. ಚಕ್ರಕ್ಕೂ ಗೆರೆಗೂ ಇರುವ ಅಂತರವನ್ನು ಹೊರಗನ್ನಡಿಯಲ್ಲಿ ಹಿಂಚಕ್ರ ನೋಡಿ ಅಂದಾಜು ಮಾಡಿದರು. ಅಳತೆ ಒರಟು, ಆದರೆ ಸಾಕಾಗುವಷ್ಟಿತ್ತು. ಒಂದು ಬದಿಯಲ್ಲಿ ಮೊಳ ದೂರ, ಇನ್ನೊಂದು ಬದಿಯಲ್ಲಿ ಸೊನ್ನೆ ಎಂದರೆ ಅದು ಕಣ್ಣಂದಾಜಿನ ತಪ್ಪಾಗಿರಲು ಸಾಧ್ಯವಿಲ್ಲ.

ನೋಟ್‌ಬುಕ್ ನೋಡಿದಾಗ ಮೂರು ದೀಪಗಳ ಸಮಸ್ಯೆ ಒಂದೇ ಅಲ್ಲ ಎಂಬುದು ಹೊರಬಿತ್ತು.

ಕನ್ನಡಿಯ ಅಂಬರ್ ಹತ್ತಿದ ಪ್ರತಿ ಸಲವೂ ಆ ಪಕ್ಕದಲ್ಲಿ ವಾಹನವಿತ್ತು. ಎರಡು ಸಲ ಮಾತ್ರ ಲೋಹದ ತಡೆಬೇಲಿಯ ಪಕ್ಕದಲ್ಲಿ ಸುಮ್ಮನೆ ಹತ್ತಿತು. ಬಂಪರ್ ರೇಡಾರ್‌ಗಳಲ್ಲಿ ಇದು ಹಾಗೊಮ್ಮೆ ಹೀಗೊಮ್ಮೆ ಆಗುವಂಥದ್ದೇ. ‘ಯಾವಾಗಲೂ ಹತ್ತುತ್ತೆ’ ಎಂದದ್ದು ನಿಜವಲ್ಲ, ದಟ್ಟಣೆಯ ರಸ್ತೆಯಲ್ಲಿ ಪಕ್ಕದಲ್ಲಿ ಯಾವಾಗಲೂ ಯಾರೋ ಇರುತ್ತಿದ್ದರು ಅಷ್ಟೆ.

ಮುಂದಿನ ಕಾರಿನ ಅಂಬರ್‌ಗೆ ವಿಡಿಯೊ ಉತ್ತರ ಕೊಟ್ಟಿತು. ಮುಂದಿನ ಕಾರಿನ ಹಿಂಭಾಗ ರಸ್ತೆಬದಿಯ ಒಂದು ಕಂಬವನ್ನು ದಾಟಿದ ಚೌಕಟ್ಟಿನಿಂದ, ತಮ್ಮ ಕಾರಿನ ಮೂತಿ ಅದೇ ಕಂಬ ದಾಟಿದ ಚೌಕಟ್ಟಿನವರೆಗೆ ಎಣಿಸಿದರು. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊದಲ್ಲಿ 24 ಬಂತು, ಅಂದರೆ 0.8 ಸೆಕೆಂಡು. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಆದ್ದರಿಂದ ಅಂತರ ಸುಮಾರು 18 ಮೀಟರ್. ಚಾಲಕರಿಗೆ ಇದು ‘ಆರಾಮಾದ ದೂರ’ ಎನಿಸಿತ್ತು. ಮುಂದಿನವರು ಜೋರಾಗಿ ಬ್ರೇಕ್ ಹಾಕಿದರೆ ಕಾಲು ಬ್ರೇಕ್ ಮುಟ್ಟುವುದಕ್ಕೇ ಆ 0.8 ಸೆಕೆಂಡು ಬೇಕಾಗುತ್ತದೆ. ‘ಅಣ್ಣಾ, ಇದು ಕೆಟ್ಟಿಲ್ಲ. ನೀನು ಹತ್ತಿರ ಹೋಗ್ತಿದ್ದೀಯ, ಅದು ಹೇಳ್ತಿದೆ’ ಎಂದರು ತಂಗಿ. ಇದನ್ನು ಒಪ್ಪಿಕೊಳ್ಳುವುದು ಚಾಲಕರಿಗೆ ಗಾಜಿನ ದೋಷ ಒಪ್ಪಿಕೊಳ್ಳುವುದಕ್ಕಿಂತ ಕಷ್ಟವಾಯಿತು, ಸಹಜವೇ.

ಉಳಿದದ್ದು ಲೇನ್. ಅಲ್ಲಿ ಮಾತ್ರ ನಿಜವಾದ ದೋಷವಿತ್ತು.

ವರ್ಕ್‌ಶಾಪ್‌ನಲ್ಲಿ ಎರಡನೇ ಸಲ

ಈ ಸಲ ಚಾಲಕರು ‘ಅಂಬರ್ ಬರ್ತಿದೆ’ ಎನ್ನಲಿಲ್ಲ. ‘ಎಡಕ್ಕೆ ಮೊಳ ದೂರದಲ್ಲೇ ಬರ್ತಿದೆ, ಬಲಕ್ಕೆ ಗೆರೆ ಮೇಲೆ ಹೋದಾಗ ಬರ್ತಿದೆ, ಗಾಜು ಬದಲಿಸಿದ ಮೇಲೆ ಶುರುವಾಗಿದೆ’ ಎಂದರು. ತಂತ್ರಜ್ಞರಿಗೆ ಅಷ್ಟು ಸಾಕಾಯಿತು. ಸ್ಕ್ಯಾನರ್ ಬದಿಗಿಟ್ಟು ನೇರವಾಗಿ ಕ್ಯಾಮೆರಾದ ಮುಚ್ಚಳ ಬಿಚ್ಚಿದರು.

ಒಂದು ಬದಿಯ ಕ್ಲಿಪ್ ಪೂರ್ತಿ ಕೂತಿರಲಿಲ್ಲ. ಕ್ಯಾಮೆರಾಕ್ಕೂ ಬ್ರಾಕೆಟ್‌ಗೂ ನಡುವೆ ಒಂದು ನಾಣ್ಯ ತೂರುವಷ್ಟು ಸಂದು. ನೋಡಿದರೆ ಏನೂ ಅಲ್ಲ. ಲೆಕ್ಕ ಹಾಕಿದರೆ ಹೀಗೆ: ಎರಡು ಕ್ಲಿಪ್‌ಗಳ ನಡುವೆ ಸುಮಾರು 10 ಸೆಂಟಿಮೀಟರ್, ಒಂದು ತುದಿ 1.7 ಮಿಲಿಮೀಟರ್ ಎದ್ದರೆ ಕ್ಯಾಮೆರಾ ಒಂದು ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಯ ಓರೆ 10 ಮೀಟರ್ ಮುಂದೆ 17 ಸೆಂಟಿಮೀಟರ್, 20 ಮೀಟರ್ ಮುಂದೆ 35 ಸೆಂಟಿಮೀಟರ್ ತಪ್ಪಾಗುತ್ತದೆ. ಲೇನ್ ಎಚ್ಚರಿಕೆಯ ಲೆಕ್ಕಾಚಾರ ನಡೆಯುವುದು ಚಕ್ರ ಗೆರೆಗೆ ಎಷ್ಟು ಹತ್ತಿರ, ಎಷ್ಟು ಬೇಗ ಸರಿಯುತ್ತಿದೆ ಎಂಬುದರ ಮೇಲೆ. ಅಲ್ಲಿ ಒಂದು ಗೇಣಿನ ತಪ್ಪು ಎಡಬಲಗಳನ್ನು ಪೂರ್ತಿ ಬೇರೆಯಾಗಿಸುತ್ತದೆ.

ಇದೇ ಲೆಕ್ಕ ಇನ್ನೊಂದು ಸಂಶಯವನ್ನೂ ಬಗೆಹರಿಸಿತು. ಕ್ಯಾಮೆರಾ ಓರೆಯಾಗಿದ್ದರೆ ಮುಂದಿನ ವಾಹನದ ಅಂಬರ್ ಕೂಡ ತಪ್ಪಾಗಿರಬಹುದಲ್ಲವೇ? 18 ಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ ಬರೀ 31 ಸೆಂಟಿಮೀಟರ್ ಪಕ್ಕಕ್ಕೆ. ಎದುರಿನ ಕಾರು ಎದುರಿನ ಕಾರಾಗಿಯೇ ಉಳಿಯುತ್ತದೆ, ಅದರ ದೂರವನ್ನು ಅಳೆಯುವುದಂತೂ ರೇಡಾರ್. 50 ಮೀಟರ್‌ನಲ್ಲಾದರೆ 87 ಸೆಂಟಿಮೀಟರ್ ಆಗುತ್ತದೆ, ಮೂರೂವರೆ ಮೀಟರ್ ಅಗಲದ ಲೇನ್‌ನ ಕಾಲು ಭಾಗ. ಅಷ್ಟು ದೂರದಲ್ಲಿ ಪಕ್ಕದ ಲೇನ್‌ನ ವಾಹನವನ್ನು ತನ್ನ ಲೇನ್‌ನದೆಂದು ಕ್ಯಾಮೆರಾ ತಿಳಿಯುವ ಸಂಭವ ಇದೆ. ಆದರೆ ‘ತೀರಾ ಹತ್ತಿರ’ ಎಂಬ ಅಂಬರ್ ಬರುವುದು ಆ ದೂರದಲ್ಲಲ್ಲ.

ಕ್ಲಿಪ್ ಒತ್ತಿ ಕೂರಿಸಿದರೆ ಕೆಲಸ ಮುಗಿಯಲಿಲ್ಲ. ಹೊಸ ಗಾಜಿನ ಬ್ರಾಕೆಟ್ ಹಳೆಯದರಷ್ಟೇ ನಿಖರವಾಗಿ ಅಂಟಿರುತ್ತದೆ ಎಂದು ಹೇಳಲಾಗದು. ಹಾಗಾಗಿ ಕ್ಯಾಲಿಬ್ರೇಷನ್ ಬೇಕು. ಮೊದಲು ಓಡಿಸಿ ಮಾಡುವ ಬಗೆಯನ್ನು ಪ್ರಯತ್ನಿಸಿದರು. ಸ್ಕ್ಯಾನರ್ ಜೋಡಿಸಿ, ಹೇಳಿದ ವೇಗದಲ್ಲಿ ಒಂದೇ ಸಮನೆ ಓಡಿಸಿದರೆ ಕ್ಯಾಮೆರಾ ಗೆರೆಗಳನ್ನು ನೋಡಿ ತನ್ನ ದಿಕ್ಕನ್ನು ತಾನೇ ಕಲಿಯುತ್ತದೆ. ಆ ದಿನ ಹಿಡಿದ ರಸ್ತೆಯಲ್ಲಿ ಗೆರೆಗಳು ಸವೆದಿದ್ದವು, ದಟ್ಟಣೆಯಿಂದ ಮತ್ತೆ ಮತ್ತೆ ನಿಲ್ಲಬೇಕಾಯಿತು. ನಲವತ್ತು ನಿಮಿಷವಾದರೂ ‘ಪೂರ್ಣಗೊಂಡಿಲ್ಲ’ ಎಂದೇ ತೋರಿಸಿತು. ಮೀಟರ್‌ನಲ್ಲಿ ಅಷ್ಟು ಹೊತ್ತೂ ಎರಡೂ ಗೆರೆ ಬೂದಾಗಿದ್ದವು, ಅದನ್ನು ನೋಡಿಯೇ ಕಲಿಕೆ ಮುಂದುವರಿಯುತ್ತಿಲ್ಲ ಎಂದು ತಿಳಿಯಬಹುದಿತ್ತು. ಗೆರೆ ಸಿಗದ ಕ್ಯಾಮೆರಾ ಗೆರೆಯಿಂದ ಏನನ್ನು ಕಲಿತೀತು?

ಮರುದಿನ ಒಳಗೇ ನಿಲ್ಲಿಸಿ ಮಾಡಿದರು. ಇದಕ್ಕೆ ಸಮತಟ್ಟಾದ ನೆಲ ಬೇಕು. ನಾಲ್ಕೂ ಟೈರ್‌ಗಳ ಗಾಳಿ ಸರಿ ಮಾಡಿದರು, ಡಿಕ್ಕಿಯಲ್ಲಿದ್ದ ಭಾರದ ಸಾಮಾನು ಇಳಿಸಿದರು. ಗಾಳಿಯೂ ಭಾರವೂ ಕಾರಿನ ನಿಲುವನ್ನು ಬದಲಿಸುತ್ತವೆ, ನಿಲುವು ಬದಲಾದರೆ ಕ್ಯಾಮೆರಾದ ಕೋನವೂ ಬದಲಾಗುತ್ತದೆ. ಆಮೇಲೆ ಕಾರಿನ ನಡುಗೆರೆಯನ್ನು ಅಳೆದು, ತಯಾರಕರು ಹೇಳಿದ ದೂರ ಮತ್ತು ಎತ್ತರದಲ್ಲಿ ಗುರಿಹಲಗೆ ನಿಲ್ಲಿಸಿದರು. ಹೊತ್ತು ಹಿಡಿದದ್ದು ಹಲಗೆ ನಿಲ್ಲಿಸುವುದಕ್ಕೇ, ಸ್ಕ್ಯಾನರ್‌ನ ಕೆಲಸ ಕೆಲವೇ ನಿಮಿಷ. ಹಲಗೆಯನ್ನೇ ಓರೆಯಾಗಿ ನಿಲ್ಲಿಸಿದರೆ ಆ ಓರೆಯೇ ‘ನೇರ’ ಎಂದು ಕ್ಯಾಮೆರಾದಲ್ಲಿ ದಾಖಲಾಗುತ್ತದೆ, ಆಗಲೂ ಯಾವ ದೋಷದ ದೀಪವೂ ಹತ್ತುವುದಿಲ್ಲ.

ಕೊನೆಗೆ ಗೆರೆ ಚೆನ್ನಾಗಿದ್ದ ಬೇರೆ ರಸ್ತೆಯಲ್ಲಿ ಓಡಿಸಿ ನೋಡಿದರು. 60 ದಾಟಿದ ಕೆಲವೇ ಕ್ಷಣಗಳಲ್ಲಿ ಎರಡೂ ಗೆರೆ ಒಟ್ಟಿಗೇ ಹಸಿರಾದವು. ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಚಕ್ರ ಗೆರೆಗೆ ಒಂದು ಗೇಣು ಇರುವಾಗ ಅಂಬರ್ ಬಂತು.

ಆಮೇಲೆ ಏನಾಯಿತು

ಲೇನ್ ಎಚ್ಚರಿಕೆ ‘ಸಹಜ’ದಲ್ಲೇ ಉಳಿಯಿತು. ಮುಂದಿನ ಕಾರಿನ ಅಂಬರ್ ಮೊದಲಿನಷ್ಟೇ ಬಂತು, ಏಕೆಂದರೆ ಅಲ್ಲಿ ದುರಸ್ತಿಯಾಗಬೇಕಿದ್ದದ್ದು ಕಾರಲ್ಲ. ಚಾಲಕರು ಅಂತರ ಹೆಚ್ಚಿಸಿದ ಮೇಲೆ ಕೆಲವು ವಾರಗಳಲ್ಲಿ ಅದು ಅಪರೂಪವಾಯಿತು. ಚಿತ್ರ ಹಸಿರಿಗೆ ಮರಳುವವರೆಗೆ ವೇಗ ಇಳಿಸುವುದು ಅವರು ಇಟ್ಟುಕೊಂಡ ಸರಳ ಲೆಕ್ಕ. ಇಲ್ಲೂ ಒಂದು ಜಾಗ್ರತೆ ಬೇಕು. ಹಸಿರು ‘ಮುಂದಿನ ವಾಹನ ಕಂಡಿದೆ’ ಎನ್ನುತ್ತದೆಯೇ ಹೊರತು ‘ಅಂತರ ಸಾಕು’ ಎನ್ನುವುದಿಲ್ಲ. ಹಸಿರಿನಲ್ಲಿದ್ದಾಗಲೂ ಅಂತರ, ಸುರಕ್ಷಿತವೆನ್ನುವ ಎರಡು ಸೆಕೆಂಡಿಗಿಂತ ಎಷ್ಟೋ ಕಡಿಮೆ ಇರಬಹುದು. ಮುಂದೆ ವಾಹನವಿದ್ದೂ ಚಿತ್ರವೇ ಬಾರದಿದ್ದರೆ ಅದಕ್ಕೆ ಆ ವಾಹನ ಕಂಡೇ ಇಲ್ಲ ಎಂದರ್ಥ. ತಿರುವಿನಲ್ಲಿ, ಗ್ರಿಲ್‌ಗೆ ಕೆಸರು ಮೆತ್ತಿದಾಗ ಹೀಗಾಗುತ್ತದೆ.

ಬ್ಲೈಂಡ್ ಸ್ಪಾಟ್ ವಿಷಯದಲ್ಲಿ ಹೊಸ ತಪ್ಪೊಂದು ಹುಟ್ಟಿಕೊಂಡಿತು, ಮತ್ತು ಇದು ಹಳೆಯದಕ್ಕಿಂತ ಸೂಕ್ಷ್ಮ. ಕನ್ನಡಿಯ ದೀಪ ನಂಬತಕ್ಕದ್ದು ಎಂದು ಗೊತ್ತಾದ ಮೇಲೆ ಚಾಲಕರು ದೀಪ ಹತ್ತದಿರುವುದನ್ನೂ ನಂಬತೊಡಗಿದರು. ಲೇನ್ ಗೆರೆಗೆ ಹಸಿರಿದೆ, ಮುಂದಿನ ಕಾರಿಗೆ ಹಸಿರಿದೆ, ಕನ್ನಡಿಗೆ ಹಸಿರಿಲ್ಲ. ಅಲ್ಲಿ ಇರುವುದು ಅಂಬರ್ ಅಥವಾ ಕತ್ತಲು. ಆ ಕತ್ತಲಿಗೆ ಎರಡು ಅರ್ಥ: ಪಕ್ಕದಲ್ಲಿ ಯಾರೂ ಇಲ್ಲ, ಅಥವಾ ಯಾರೋ ಇದ್ದಾರೆ ಆದರೆ ರೇಡಾರ್‌ನ ಜಾಗಕ್ಕೆ ಇನ್ನೂ ಬಂದಿಲ್ಲ. ಈ ಕಾರಿನಲ್ಲಿ ಆ ಜಾಗ ಪಕ್ಕಕ್ಕೆ ಒಂದು ಲೇನ್ ಅಗಲ, ಹಿಂದಕ್ಕೆ ಬಂಪರ್‌ನಿಂದ ಸುಮಾರು 5 ಮೀಟರ್. ಹಿಂದಿನಿಂದ ಬರುವವರು ನಮಗಿಂತ 40 ಕಿ.ಮೀ. ಹೆಚ್ಚು ವೇಗದಲ್ಲಿದ್ದರೆ ಸೆಕೆಂಡಿಗೆ 11 ಮೀಟರ್ ಹತ್ತಿರವಾಗುತ್ತಾರೆ. ಆ 5 ಮೀಟರ್ ದಾಟಿ ಬಂಪರ್‌ನ ಸಮಕ್ಕೆ ಬರಲು ಅರ್ಧ ಸೆಕೆಂಡೂ ಬೇಡ. ದೀಪ ಹತ್ತುವುದಕ್ಕೂ ಅವರು ಪಕ್ಕಕ್ಕೆ ಬರುವುದಕ್ಕೂ ನಡುವೆ ಸಮಯವೇ ಉಳಿಯುವುದಿಲ್ಲ. ವೇಗವಾಗಿ ಬರುವವರನ್ನು ಹತ್ತಾರು ಮೀಟರ್ ಹಿಂದೆಯೇ ಗುರುತಿಸುವ ಕಾರುಗಳೂ ಇವೆ, ನಿಮ್ಮದು ಅದೇ ಬಗೆಯದೇ ಎಂದು ಕೈಪಿಡಿ ನೋಡಿಕೊಳ್ಳಬೇಕು. ಈ ಲೆಕ್ಕವನ್ನು ತಂಗಿ ಬರೆದು ತೋರಿಸಿದ ಮೇಲೆ ಚಾಲಕರು ಕನ್ನಡಿ, ನಂತರ ಭುಜದ ಮೇಲಿನ ನೋಟ, ಆಮೇಲೆ ದೀಪ ಎಂಬ ಕ್ರಮಕ್ಕೆ ಮರಳಿದರು.

ಬೂದಿನ ಬಗ್ಗೆಯೂ ಅವರ ಓದು ಬದಲಾಯಿತು. ಮೊದಲು ಬೂದು ಕಂಡರೆ ‘ಏನೂ ಇಲ್ಲ’ ಎಂದು ಬಿಡುತ್ತಿದ್ದರು. ಈಗ ವೇಗ ನೋಡುತ್ತಾರೆ. 60ಕ್ಕಿಂತ ಕಡಿಮೆ ಇದ್ದರೆ ಬೂದು ಸಹಜ. 60ಕ್ಕಿಂತ ಹೆಚ್ಚಿದ್ದು, ಕಣ್ಣಿಗೆ ಗೆರೆ ಚೆನ್ನಾಗಿ ಕಾಣುತ್ತಿದ್ದು, ಆಗಲೂ ಬೂದಾಗಿದ್ದರೆ ಕ್ಯಾಮೆರಾಕ್ಕೆ ಏನೋ ಅಡ್ಡ ಬಂದಿದೆ: ಗಾಜಿನ ಒಳಬದಿಯ ಆವಿ, ವೈಪರ್ ಬಿಟ್ಟುಹೋದ ಮಣ್ಣಿನ ಪಟ್ಟಿ, ಮುಳುಗುವ ಸೂರ್ಯನ ನೇರ ಬೆಳಕು, ರಾತ್ರಿ ಒದ್ದೆ ರಸ್ತೆಯ ಹೊಳಪು. ಒಂದೇ ಬದಿ ಬೂದಾಗಿದ್ದರೆ ಹೆಚ್ಚಾಗಿ ಆ ಬದಿಯ ಗೆರೆ ಸವೆದಿರುತ್ತದೆ. ಅದೇ ಬದಿ ಎಲ್ಲ ರಸ್ತೆಗಳಲ್ಲೂ ಬೂದಾಗಿದ್ದರೆ ಮಾತ್ರ ಸಂಶಯ ಪಡಬೇಕು.

ಈ ಪ್ರಕರಣದಿಂದ ವರ್ಕ್‌ಶಾಪ್ ಬದಲಿಸಿಕೊಂಡದ್ದು

ಗಾಜು ಬದಲಿಸಿದ ಕಾರನ್ನು ಕೊಡುವ ಮೊದಲು ಅವರು ಈಗ ಸ್ಕ್ಯಾನರ್‌ನ ‘ಕೋಡ್ ಇಲ್ಲ’ ಎಂಬ ಫಲಿತಾಂಶವನ್ನಷ್ಟೇ ನೆಚ್ಚುವುದಿಲ್ಲ. ಎರಡೂ ಕ್ಲಿಪ್‌ಗಳನ್ನು ಬೆರಳಿನಿಂದ ಒತ್ತಿ ‘ಟಿಕ್’ ಸದ್ದು ಕೇಳಿದ ಮೇಲೆಯೇ ಮುಚ್ಚಳ ಹಾಕುತ್ತಾರೆ. ಕ್ಯಾಲಿಬ್ರೇಷನ್ ಯಾವ ಬಗೆಯಲ್ಲಿ ಆಯಿತು, ಪೂರ್ಣಗೊಂಡಿತೇ ಎಂಬ ಮುದ್ರಿತ ಹಾಳೆಯನ್ನು ಬಿಲ್ ಜೊತೆ ಕೊಡುತ್ತಾರೆ. ಗ್ರಾಹಕರಿಗೆ ಒಂದು ಪರೀಕ್ಷೆಯನ್ನೂ ಹೇಳಿಕೊಡುತ್ತಾರೆ. ಮೊದಲ ಹೆದ್ದಾರಿ ಪ್ರಯಾಣದಲ್ಲಿ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಎರಡೂ ಗೆರೆ ಒಟ್ಟಿಗೇ ಹಸಿರಾಗುತ್ತವೆಯೇ ನೋಡಿ. ಲೇನ್‌ನ ನಡುವೆ ಇರುವಾಗ ಹದಿನೈದು ನಿಮಿಷದಲ್ಲಿ ಒಂದೇ ಬದಿ ಎಷ್ಟು ಸಲ ಮಿನುಗಿತು ಎಂದು ಅವರು ಬರೆದುಕೊಳ್ಳಲಿ. ಒಂದು ಬದಿ ನಾಲ್ಕೈದು ಸಲ, ಇನ್ನೊಂದು ಬದಿ ಸೊನ್ನೆ ಎಂದಿದ್ದರೆ ಮೆನುವಿನ ಸೂಕ್ಷ್ಮತೆ ಮುಟ್ಟದೆ ಕಾರನ್ನು ವಾಪಸ್ ತನ್ನಿ.